ಏಳು ಮಿಲಿಮೀಟರ್ ಆಳದ ಕೆಲಸ

ಮೇಷ್ಟ್ರು ಹಲ್ಲುನೋವು ಅಂತ ಬಂದವರಲ್ಲ. ಬಲಗಡೆ ಕೆಳಗಿನ ದವಡೆ ಹಲ್ಲಿನ ಹಿಂದೆ ಊಟ ಸಿಕ್ಕಿಕೊಳ್ಳುತ್ತದೆ, ಕಡ್ಡಿ ಹಾಕಿದರೆ ರಕ್ತ ಬರುತ್ತದೆ, ಬಾಯಿ ವಾಸನೆ ಅಂತ ಮನೆಯವರು ಹೇಳುತ್ತಾರೆ. ಅವರು ಹೇಳಿಕೊಂಡದ್ದು ಇಷ್ಟೇ. ವಯಸ್ಸು 52, ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಬೀಡಿ ಸಿಗರೇಟಿನ ಅಭ್ಯಾಸ ಇಲ್ಲ. ಎರಡು ವರ್ಷದ ಹಿಂದೆ ಒಂದು ಕಡೆ ಹಲ್ಲು ಕ್ಲೀನಿಂಗ್ ಮಾಡಿಸಿದ್ದರು. ಇಪ್ಪತ್ತು ನಿಮಿಷದಲ್ಲಿ ಮುಗಿದಿತ್ತಂತೆ. ಕನ್ನಡಿ ಕೊಟ್ಟಾಗ ಬಾಯಿ ತೆರೆದು ನೋಡಿಕೊಂಡು ಕೇಳಿದರು: "ಎಲ್ಲಾ ಕ್ಲೀನಾಗೇ ಇದೆಯಲ್ಲ ಡಾಕ್ಟ್ರೇ?"

ಕನ್ನಡಿಗೆ ಕಾಣುವ ಭಾಗ ಕ್ಲೀನಾಗಿಯೇ ಇತ್ತು. ರೋಗ ಇದ್ದದ್ದು ವಸಡಿನ ಅಂಚಿನಿಂದ ಕೆಳಗೆ. ಹಲ್ಲಿಗೂ ವಸಡಿಗೂ ನಡುವೆ ಎಲ್ಲರಿಗೂ ಒಂದು ಸಣ್ಣ ಸಂದು ಇರುತ್ತದೆ. ಆರೋಗ್ಯವಂತರಲ್ಲಿ ಅದರ ಆಳ 1ರಿಂದ 3 ಮಿಲಿಮೀಟರ್. ಅದಕ್ಕಿಂತ ಆಳವಾಗಿ ರಕ್ತ ಒಸರತೊಡಗಿದರೆ ನಾವು ಅದನ್ನು ಪಾಕೆಟ್ ಅನ್ನುತ್ತೇವೆ. ಅಳೆಯಲು ಪ್ರೋಬ್ ಎಂಬ ಸಣ್ಣ ಕಡ್ಡಿ ಇದೆ. ತುದಿ ಮೊಂಡು, ಮೈಮೇಲೆ ಮಿಲಿಮೀಟರಿನ ಗೆರೆಗಳು. ಅದನ್ನು ಸಂದಿಗೆ ಇಳಿಸುವಾಗ ಒತ್ತಡ ಸುಮಾರು 25 ಗ್ರಾಂ ಮೀರಬಾರದು. ವಿದ್ಯಾರ್ಥಿಗಳಿಗೆ ಇದನ್ನು ಕಲಿಸುವಾಗ, ನಿಮ್ಮ ಹೆಬ್ಬೆರಳ ಉಗುರಿನ ಸಂದಿಗೆ ಒತ್ತಿ ನೋಡಿ, ನೋಯದಷ್ಟು ಒತ್ತಿದರೆ ಸಾಕು ಅನ್ನುತ್ತೇವೆ. ಒಂದೊಂದು ಹಲ್ಲಿಗೂ ಆರು ಕಡೆ ಅಳತೆ: ಕೆನ್ನೆಯ ಬದಿಗೆ ಹಿಂದೆ, ನಡುವೆ, ಮುಂದೆ, ನಾಲಗೆಯ ಬದಿಗೂ ಹಾಗೆಯೇ.

ನಾನು ಅಂಕಿ ಹೇಳುತ್ತಾ ಹೋದೆ, ನರ್ಸ್ ಬರೆದುಕೊಂಡರು. ಊಟ ಸಿಕ್ಕಿಕೊಳ್ಳುತ್ತಿದ್ದ ಆ ಹಲ್ಲಿನ ಸರದಿ ಬಂದಾಗ ಕೆನ್ನೆಯ ಬದಿಗೆ 7, 4, 6. ನಾಲಗೆಯ ಬದಿಗೆ 6, 3, 5. ಪ್ರೋಬ್ ಹೊರಗೆ ತೆಗೆಯುವ ಹೊತ್ತಿಗೆ ಆಳದ ಜಾಗಗಳಲ್ಲೆಲ್ಲ ರಕ್ತ ಜಿನುಗಿತ್ತು. ಎಕ್ಸ್‌ರೇಯಲ್ಲಿ ಬೇರಿನ ಸುತ್ತಲಿನ ಮೂಳೆ ಮೂರನೇ ಒಂದು ಭಾಗದಷ್ಟು ಕರಗಿತ್ತು. ಎಡಗಡೆ ಮೇಲಿನ ಮೊದಲ ದವಡೆ ಹಲ್ಲಿನ ಹಿಂಬದಿ ಇನ್ನೂ ಕೆಟ್ಟಿತ್ತು. ಅಲ್ಲಿ 8. ಇಷ್ಟಾದರೂ ಮೇಷ್ಟ್ರಿಗೆ ಒಂದು ದಿನವೂ ನೋವು ಬಂದಿರಲಿಲ್ಲ. ಈ ಕಾಯಿಲೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಹುಳುಕು ಹಲ್ಲು ರಾತ್ರಿ ನಿದ್ದೆ ಕೆಡಿಸಿ ಜನರನ್ನು ನಮ್ಮ ಬಳಿ ಕಳಿಸುತ್ತದೆ, ವಸಡಿನ ರೋಗ ಹಾಗೆ ಕಳಿಸುವುದಿಲ್ಲ.

ಒಳಗೆ ಆಗಿದ್ದೇನೆಂದರೆ, ಹಲ್ಲಿನ ಮೇಲೆ ದಿನವೂ ಕಟ್ಟುವ ಪಾಚಿಯಂಥ ಪದರವನ್ನು ಸಂದಿಯಿಂದ ಪೂರ್ತಿ ತೆಗೆಯದೆ ಬಿಟ್ಟಾಗ ಅದರೊಳಗಿನ ಬ್ಯಾಕ್ಟೀರಿಯಾ ವಸಡನ್ನು ಕೆಣಕುತ್ತವೆ. ಕೆಣಕಿದ ವಸಡು ಊದುತ್ತದೆ, ಬೇರನ್ನು ಹಿಡಿದುಕೊಂಡಿದ್ದ ನಾರುಗಳು ಕಳಚುತ್ತವೆ, ಸಂದು ಕೆಳಗಿಳಿಯುತ್ತದೆ. ಆಳ ಹೆಚ್ಚಿದಷ್ಟೂ ಬ್ರಷ್ಷಿಗೆ ಸಿಗುವುದು ಕಡಿಮೆ. ಅಲ್ಲಿ ಉಳಿದ ಪದರ ಗಟ್ಟಿಯಾಗಿ ಗಾರೆಯಾಗುತ್ತದೆ. ವಸಡಿನ ಮೇಲೆ ಕಟ್ಟುವ ಗಾರೆ ಜೊಲ್ಲಿನ ಸುಣ್ಣದಂಶದಿಂದ ಆದದ್ದು, ಬಣ್ಣ ಬಿಳಿ ಹಳದಿ, ಬೇಗ ಕಳಚಿಕೊಳ್ಳುತ್ತದೆ. ವಸಡಿನ ಕೆಳಗಿನದು ಊದಿಕೊಂಡ ವಸಡಿನಿಂದ ಒಸರುವ ದ್ರವದಿಂದ ಆದದ್ದು. ಕಂದು ಇಲ್ಲವೆ ಕಪ್ಪು ಬಣ್ಣ, ಬೇರಿಗೆ ಕಚ್ಚಿಕೊಂಡಿರುತ್ತದೆ. ಮೇಷ್ಟ್ರು ಹಿಂದೆ ಮಾಡಿಸಿದ್ದ ಕ್ಲೀನಿಂಗ್ ಮೊದಲನೆಯದನ್ನು ತೆಗೆದಿತ್ತು, ಎರಡನೆಯದನ್ನು ಮುಟ್ಟಿರಲಿಲ್ಲ.

ಎರಡಕ್ಕೂ ನಮ್ಮಲ್ಲಿ ಕ್ಲೀನಿಂಗ್ ಅನ್ನುವ ಒಂದೇ ಮಾತು ಓಡಾಡುವುದರಿಂದ ಬಹಳ ಗೊಂದಲವಾಗಿದೆ. ಮೊದಲನೆಯದು ಬರೀ ಸ್ಕೇಲಿಂಗ್. ಪಾಕೆಟ್ಟಿನ ಒಳಗಿಳಿದು ಬೇರಿನ ಮೈಯನ್ನು ಶುದ್ಧ ಮಾಡುವ ಕೆಲಸಕ್ಕೆ ಸ್ಕೇಲಿಂಗ್ ಮತ್ತು ರೂಟ್ ಪ್ಲೇನಿಂಗ್ ಎಂದು ಹೆಸರು. ಡೀಪ್ ಕ್ಲೀನಿಂಗ್ ಅಂತಲೂ ಅನ್ನುತ್ತಾರೆ.

ಮೇಷ್ಟ್ರಿಗೆ ಅದನ್ನು ಎರಡು ಸಲಕ್ಕೆ ಹಂಚಿಕೊಂಡೆವು. ಒಂದು ದಿನ ಬಲಗಡೆ ಮೇಲೆ ಕೆಳಗೆ, ವಾರ ಬಿಟ್ಟು ಎಡಗಡೆ. ಪ್ರತಿ ಸಲ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಮೊದಲು ಲಿಗ್ನೋಕೇಯ್ನ್ ಚುಚ್ಚಿ ಮರಗಟ್ಟಿಸಿದೆವು. ಏಳು ಮಿಲಿಮೀಟರ್ ಒಳಗೆ ಸರಿಯಾಗಿ ಕೆಲಸ ಆಗಬೇಕಾದರೆ ಇದು ಬೇಕು. ನೋವಿಗೆ ರೋಗಿ ಮುಖ ಎಳೆದುಕೊಂಡರೆ ವೈದ್ಯರ ಕೈ ತಾನಾಗಿ ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ಅಲ್ಟ್ರಾಸೋನಿಕ್ ಸ್ಕೇಲರ್, ಅಂದರೆ ಸೆಕೆಂಡಿಗೆ 25,000ಕ್ಕೂ ಹೆಚ್ಚು ಸಲ ಅದುರುವ ತುದಿ. ಅದು ದೊಡ್ಡ ಗಾರೆಯನ್ನು ಒಡೆಯುತ್ತದೆ, ಜೊತೆಗೆ ಚಿಮ್ಮುವ ನೀರು ಪಾಕೆಟ್ಟನ್ನು ತೊಳೆಯುತ್ತದೆ. ಉಳಿದದ್ದು ಕೈ ಉಪಕರಣಕ್ಕೆ. ಅದರ ಹೆಸರು ಗ್ರೇಸಿ ಕ್ಯುರೆಟ್, ಅಮೆರಿಕದ ಮಿಶಿಗನ್‌ನ ದಂತವೈದ್ಯ ಕ್ಲೇಟನ್ ಗ್ರೇಸಿ ರೂಪಿಸಿದ್ದು. ಎಲ್ಲ ಹಲ್ಲಿಗೂ ಒಂದೇ ಅಲಗು ಸಾಲದು ಎಂದು ಅವರು ಹಲ್ಲಿನ ಒಂದೊಂದು ಮೈಗೂ ಬೇರೆ ಬೇರೆ ಬಾಗು ಕೊಟ್ಟರು. ಮೇಷ್ಟ್ರ ದವಡೆ ಹಲ್ಲಿನ ಹಿಂಬದಿಗೆ ನಾನು ತೆಗೆದುಕೊಂಡದ್ದು 13/14, ಮುಂಬದಿಗೆ 11/12.

ಅಲಗನ್ನು ಬೇರಿಗೆ ಒರಗಿಸಿ, ಮಡಚಿದಂತೆ ಹಿಡಿದು, ಪಾಕೆಟ್ಟಿನ ತಳದವರೆಗೆ ಜಾರಿಸುತ್ತೇವೆ. ತಳ ಮುಟ್ಟಿದ ಮೇಲೆ ಸ್ವಲ್ಪ ತೆರೆದು, ಗಾರೆಯ ಕೆಳಗಿನ ಅಂಚನ್ನು ಸಿಕ್ಕಿಸಿಕೊಂಡು ಮೇಲಕ್ಕೆ ಎಳೆಯುತ್ತೇವೆ. ಒಂದೊಂದು ಎಳೆತವೂ ಒಂದೆರಡು ಮಿಲಿಮೀಟರ್ ಅಷ್ಟೆ. ಇದೆಲ್ಲ ಕಣ್ಣಿಗೆ ಕಾಣುವುದಿಲ್ಲ. ಕತ್ತಲ ಕೋಣೆಯಲ್ಲಿ ಗೋಡೆ ಸವರಿ ಸ್ವಿಚ್ ಹುಡುಕುವ ಹಾಗೆ ಬೆರಳತುದಿಯ ಅರಿವೇ ಇಲ್ಲಿ ಕಣ್ಣು. ಗಾರೆ ಇದ್ದ ಕಡೆ ಉಪಕರಣ ಗರಗರ ಎನ್ನುತ್ತದೆ. ತೆಗೆದಾದ ಮೇಲೆ ತೆಳ್ಳನೆಯ ಎಕ್ಸ್‌ಪ್ಲೋರರ್ ಇಳಿಸಿ ಮತ್ತೆ ಸವರುತ್ತೇವೆ. ಎಲ್ಲೂ ತಡೆಯದೆ ಜಾರಿದರೆ ಅಲ್ಲಿಗೆ ನಿಲ್ಲಿಸುತ್ತೇವೆ.

ನಿಲ್ಲಿಸುವ ವಿಷಯದಲ್ಲಿ ನಮ್ಮ ಶಾಸ್ತ್ರವೇ ಮನಸ್ಸು ಬದಲಾಯಿಸಿದೆ. ಹಿಂದೆ, ಬ್ಯಾಕ್ಟೀರಿಯಾದ ವಿಷ ಬೇರಿನ ಮೇಲ್ಪದರದೊಳಕ್ಕೆ ಇಂಗಿರುತ್ತದೆ, ಆದ್ದರಿಂದ ಆ ಪದರವನ್ನೇ ಹೆರೆದು ಬೇರನ್ನು ಗಾಜಿನಂತೆ ನುಣುಪು ಮಾಡಬೇಕು ಎಂದು ಕಲಿಸುತ್ತಿದ್ದರು. ಪ್ಲೇನಿಂಗ್ ಎಂಬ ಹೆಸರು ಬಂದದ್ದು ಹಾಗೆ. ಬಡಗಿ ಉಜ್ಜುಗೊರಡು ಹಾಕಿದಂತೆ. 1980ರ ದಶಕದ ಪ್ರಯೋಗಗಳು ಆ ವಿಷ ಬಹುಮಟ್ಟಿಗೆ ಮೇಲೆಮೇಲೆ ಅಂಟಿಕೊಂಡಿದ್ದು, ತೊಳೆದು ಉಜ್ಜಿದರೇ ಹೋಗುತ್ತದೆ ಎಂದು ತೋರಿಸಿದವು. ಹಾಗಾಗಿ ಈಗ ಗಾರೆ ಮತ್ತು ಪಾಚಿಯ ಪದರ ಹೋಗುವವರೆಗೆ ಕೆಲಸ, ಅದರಾಚೆಗೆ ಬೇರನ್ನು ಹೆರೆಯಬಾರದು. ಹೆಚ್ಚು ಹೆರೆದಷ್ಟೂ ಆಮೇಲೆ ಹಲ್ಲು ಜುಂ ಎನ್ನುವುದು ಹೆಚ್ಚು.

ಮರಗಟ್ಟಿದ್ದು ಇಳಿಯುವ ಎರಡು ಮೂರು ಗಂಟೆ ಕೆನ್ನೆ ಕಚ್ಚಿಕೊಳ್ಳದಂತೆ ನೋಡಿಕೊಳ್ಳಿ, ಬಿಸಿ ಬಿಸಿ ತಿನ್ನಬೇಡಿ ಎಂದು ಹೇಳಿ ಕಳಿಸಿದೆ. ಎರಡು ವಾರ ಕ್ಲೋರ್‌ಹೆಕ್ಸಿಡಿನ್ ದ್ರವದಲ್ಲಿ ಬಾಯಿ ಮುಕ್ಕಳಿಸಬೇಕು, ಅದಕ್ಕೂ ಪೇಸ್ಟಿಗೂ ಅರ್ಧ ಗಂಟೆ ಅಂತರವಿರಬೇಕು. ಎರಡು ವಾರ ದಾಟಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ಹಾಗಾಗಿ ಬಾಟಲಿ ಖಾಲಿಯಾದಾಗ ಇನ್ನೊಂದು ಕೊಳ್ಳುವುದು ಬೇಡ. ಮೇಷ್ಟ್ರು ಹೊರಡುವಾಗ ಕೇಳಿದರು: "ಒಂದು ಕೋರ್ಸು ಮಾತ್ರೆ ಕೊಟ್ಬಿಡಿ ಡಾಕ್ಟ್ರೇ, ಬೇಗ ವಾಸಿಯಾಗತ್ತೆ." ಕೊಡಲಿಲ್ಲ. ಬೇರಿಗೆ ಅಂಟಿದ ಪದರದೊಳಗೆ ಆ್ಯಂಟಿಬಯಾಟಿಕ್ ಚೆನ್ನಾಗಿ ಇಳಿಯುವುದಿಲ್ಲ, ಆ ಪದರವನ್ನು ಉಪಕರಣದಿಂದಲೇ ಕೆದಕಿ ಒಡೆಯಬೇಕು. ಚಿಕ್ಕ ವಯಸ್ಸಿನಲ್ಲೇ ಮೂಳೆ ಬೇಗಬೇಗ ಕರಗುತ್ತಿರುವ ಕೆಲವರಿಗೆ ಡೀಪ್ ಕ್ಲೀನಿಂಗ್ ಜೊತೆಗೆ ಮಾತ್ರೆ ಕೊಡುವುದುಂಟು. ಎಲ್ಲರಿಗೂ ಅದು ಬೇಕಿಲ್ಲ.

ಹತ್ತು ದಿನಕ್ಕೆ ಫೋನ್ ಬಂತು. ಈ ಸಲ ಮೇಷ್ಟ್ರ ಮನೆಯವರು. "ಕ್ಲೀನಿಂಗ್ ಮಾಡಿಸಿದ್ಮೇಲೆ ಹಲ್ಲಿನ ನಡುವೆ ಗ್ಯಾಪ್ ಬಂದಿದೆ ಡಾಕ್ಟ್ರೇ. ತಣ್ಣೀರು ಕುಡಿದ್ರೆ ಜುಂ ಅಂತದಂತೆ. ಹಲ್ಲು ಸಡಿಲ ಆಗತ್ತೆ ಅಂತ ನಮ್ಮಕ್ಕ ಆವಾಗ್ಲೇ ಹೇಳಿದ್ರು." ಈ ಭಯ ನಮ್ಮ ಊರುಗಳಲ್ಲಿ ಎಷ್ಟು ಆಳವಾಗಿದೆಯೆಂದರೆ, ಇದಕ್ಕಾಗಿಯೇ ಚಿಕಿತ್ಸೆ ಬಿಟ್ಟವರನ್ನು ನಾನು ಲೆಕ್ಕ ಹಾಕಲಾರೆ. ಅವರು ಕಂಡದ್ದು ಸುಳ್ಳಲ್ಲ, ಕಾರಣ ಮಾತ್ರ ಬೇರೆ. ಆ ಜಾಗವನ್ನು ಮೊದಲು ಗಾರೆ ತುಂಬಿತ್ತು, ಊದಿದ ವಸಡು ಮುಚ್ಚಿತ್ತು. ಗಾರೆ ಹೋಯಿತು, ಊತ ಇಳಿಯಿತು, ಮೂಳೆ ಮೊದಲೇ ಬಿಟ್ಟುಹೋಗಿದ್ದ ಖಾಲಿ ಜಾಗ ಕಣ್ಣಿಗೆ ಬಿತ್ತು. ಗಾರೆ ಎರಡು ಹಲ್ಲನ್ನು ಸಿಮೆಂಟಿನಂತೆ ಹಿಡಿದಿದ್ದರೆ ಅದು ಹೋದ ಮೇಲೆ ಕೆಲವು ದಿನ ಹಲ್ಲು ಸಡಿಲವೆನಿಸುವುದೂ ಇದೆ. ಊತ ಇಳಿದು ನಾರು ಬಿಗಿಯಾದಂತೆ ಬಹಳಷ್ಟು ಹಲ್ಲು ಮೊದಲಿಗಿಂತ ಗಟ್ಟಿಯಾಗುತ್ತವೆ. ತಣ್ಣಗೆ ತಾಗುವ ಜುಂ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ, ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಬಳಸಿದರೆ ಸಹಾಯವಾಗುತ್ತದೆ. ಆದರೆ ಒಂದನ್ನು ಅವರಿಗೆ ಒತ್ತಿ ಹೇಳಿದೆ. ವಸಡಿನ ಒಂದು ಕಡೆ ಊದಿಕೊಂಡು ಕೀವು ಬಂದರೆ ಅದೇ ದಿನ ಬರಬೇಕು. ತಳದಲ್ಲಿ ಗಾರೆಯ ಚೂರು ಉಳಿದು ಮೇಲಿನ ವಸಡು ಬಿಗಿಯಾದರೆ ಬಾಯಿ ಮುಚ್ಚಿದ ಪಾಕೆಟ್ಟಿನಲ್ಲಿ ಬಾವು ಕಟ್ಟುತ್ತದೆ. ಅದು ನಮ್ಮ ಕೆಲಸ ಅರ್ಧಕ್ಕೆ ನಿಂತಿರುವುದರ ಗುರುತು.

ಇನ್ನು ಈ ಚಿಕಿತ್ಸೆಯಿಂದ ನಿಜಕ್ಕೂ ಸಿಗುವುದೇನು ಎಂದು ಅಳೆಯುವ ದಿನ. ಬೇಗ ಅಳೆದರೆ ಪ್ರಯೋಜನವಿಲ್ಲ. ಬೇರಿನ ಮೈಗೆ ವಸಡಿನ ಒಳಪದರ ಅಂಟಿಕೊಳ್ಳಲು ಒಂದೆರಡು ವಾರ ಸಾಕಾದರೂ ಅದರ ಹಿಂದಿನ ನಾರುಗಳು ಬಲಿಯಲು ತಿಂಗಳುಗಳು ಹಿಡಿಯುತ್ತವೆ. ತಿಂಗಳಿಗೆ ಮೊದಲೇ ಪ್ರೋಬ್ ಹಾಕಿದರೆ ಹೊಸ ಅಂಟನ್ನು ನಾವೇ ಬಿಡಿಸಿದಂತೆ. ಮಾರ್ಚಿನಲ್ಲಿ ಚಿಕಿತ್ಸೆಯಾಗಿತ್ತು, ಮೇಷ್ಟ್ರು ಜೂನ್ ಮಧ್ಯದಲ್ಲಿ ಬಂದರು.

ಅದೇ ಹಲ್ಲು, ಅದೇ ಆರು ಜಾಗ. ಕೆನ್ನೆಯ ಬದಿಗೆ 5, 3, 3. ನಾಲಗೆಯ ಬದಿಗೆ 4, 2, 3. ರಕ್ತ ಬಂದದ್ದು 5ರ ಜಾಗದಲ್ಲಿ ಮಾತ್ರ.

ಹಿಂದಿನ ಆ 7 ಹೇಗೆ 5 ಆಯಿತು ಎಂದು ಮೇಷ್ಟ್ರು ಕೇಳಿದರು. ಲೆಕ್ಕದ ಮೇಷ್ಟ್ರು, ಬಿಡಲಿಲ್ಲ. ಹಲ್ಲಿನ ಬಿಳಿ ಎನಾಮಲ್ ಮುಗಿದು ಬೇರು ಶುರುವಾಗುವ ಗೆರೆಯಿಂದ ಲೆಕ್ಕ ಹಾಕಬೇಕು. ಮೊದಲು ವಸಡಿನ ಅಂಚು ಆ ಗೆರೆಯ ಮೇಲೆಯೇ ಇತ್ತು, ಅಂಚಿನಿಂದ ತಳಕ್ಕೆ 7. ಅಂದರೆ ಗೆರೆಯಿಂದ 7 ಮಿಲಿಮೀಟರ್ ಕೆಳಗಿನವರೆಗೆ ಹಿಡಿತ ಹೋಗಿತ್ತು. ಈಗ ಊತ ಇಳಿದು ಅಂಚು ಗೆರೆಗಿಂತ 1 ಮಿಲಿಮೀಟರ್ ಕೆಳಗೆ ಸರಿದಿದೆ, ಅಲ್ಲಿಂದ ತಳಕ್ಕೆ 5. ಒಟ್ಟು 6. ಕಡಿಮೆಯಾದ ಎರಡು ಮಿಲಿಮೀಟರಿನಲ್ಲಿ ಒಂದು ವಸಡು ಕುಗ್ಗಿದ್ದರಿಂದ, ಇನ್ನೊಂದು ತಳದಲ್ಲಿ ವಸಡು ಬೇರನ್ನು ಮತ್ತೆ ಹಿಡಿದುಕೊಂಡದ್ದರಿಂದ. ಎಂಥ ನುರಿತ ಕೈಯಿಂದಲೂ ಸರಾಸರಿ ಫಲ ಇದರ ಆಸುಪಾಸಿನದೇ. ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ 4ರಿಂದ 6 ಮಿಲಿಮೀಟರಿನ ಪಾಕೆಟ್ ಸುಮಾರು 1.3ರಷ್ಟು, 7 ಮತ್ತು ಅದಕ್ಕೂ ಆಳದ್ದು ಸುಮಾರು 2.2ರಷ್ಟು ಕಡಿಮೆಯಾಗಿದ್ದವು. 2020ರ ಇನ್ನೊಂದು ವಿಮರ್ಶೆಯಲ್ಲಿ, ಆರರಿಂದ ಎಂಟು ತಿಂಗಳ ಹೊತ್ತಿಗೆ ಸುಮಾರು 74 ಶೇಕಡಾ ಪಾಕೆಟ್‌ಗಳು ಮುಚ್ಚಿದ್ದವು, ಅಂದರೆ ರೋಗಿ ಮನೆಯಲ್ಲೇ ನಿಭಾಯಿಸಬಲ್ಲ ಆಳಕ್ಕೆ ಬಂದಿದ್ದವು.

"ಹಾಗಾದರೆ ಮೂಳೆ ಬೆಳೀತಾ?" ಎಂದರು. ಬಹುಮಟ್ಟಿಗೆ ಇಲ್ಲ. ಹೋದ ಮೂಳೆಯನ್ನು ಈ ಚಿಕಿತ್ಸೆ ಕಟ್ಟಿಕೊಡುವುದಿಲ್ಲ. ತಳದಲ್ಲಿ ಆದ ಹೊಸ ಹಿಡಿತವೂ ಹುಟ್ಟಿನಿಂದ ಬಂದ ನಾರಿನದಲ್ಲ, ವಸಡಿನ ಒಳಪದರ ಬೇರಿಗೆ ಉದ್ದಕ್ಕೂ ಅಂಟಿಕೊಂಡದ್ದು. ಚೆನ್ನಾಗಿ ನೋಡಿಕೊಂಡರೆ ಅದು ವರ್ಷಗಟ್ಟಲೆ ನಿಲ್ಲುತ್ತದೆ, ಪಾಚಿ ಕಟ್ಟಲು ಬಿಟ್ಟರೆ ಬಿಟ್ಟುಕೊಳ್ಳುತ್ತದೆ. ರೋಗ ಇಲ್ಲಿಗೆ ನಿಂತಿದೆ, ಕರಗುವುದು ತಡೆದಿದೆ. ಅಷ್ಟನ್ನು ಮಾತ್ರ ನಾನು ಹೇಳಬಲ್ಲೆ. ಸಕ್ಕರೆಯಲ್ಲಿ ಮಾತ್ರ ಇನ್ನೊಂದು ಲಾಭ ಕಂಡಿತು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.4ರಿಂದ 8ಕ್ಕೆ ಇಳಿದಿತ್ತು, ಮಾತ್ರೆ ಬದಲಾಗಿರಲಿಲ್ಲ. ವಸಡಿನ ಚಿಕಿತ್ಸೆಯಿಂದ ಮಧುಮೇಹಿಗಳಲ್ಲಿ ಸರಾಸರಿ ಇಷ್ಟೇ ಇಳಿಕೆಯಾಗುತ್ತದೆಂದು ಅಧ್ಯಯನಗಳು ಹೇಳುತ್ತವೆ. ಮೇಷ್ಟ್ರು ಸಂಜೆ ನಡೆಯುವುದನ್ನೂ ಶುರುಮಾಡಿದ್ದರಾದ್ದರಿಂದ ಶ್ರೇಯಸ್ಸೆಲ್ಲ ನನಗೆ ಬೇಡ.

ಉಳಿದ 5ರ ಜಾಗಕ್ಕೆ ಅಂದೇ ಮತ್ತೆ ಕ್ಯುರೆಟ್ ಇಳಿಸಿದೆ. ನಾಲ್ಕಕ್ಕಿಂತ ಆಳವಿದ್ದು ರಕ್ತ ಬರುವ ಜಾಗವನ್ನು ಹಾಗೇ ಬಿಟ್ಟರೆ ಮುಂದೆ ಹಲ್ಲು ಕಳೆದುಕೊಳ್ಳುವ ಸಾಧ್ಯತೆ ಹೆಚ್ಚು. ಮೇಲಿನ ಎಡ ದವಡೆ ಹಲ್ಲು ತೊಡಕಾಯಿತು. ಅಲ್ಲಿ 8 ಇದ್ದದ್ದು 6ಕ್ಕೆ ನಿಂತಿತ್ತು, ರಕ್ತವೂ ಬರುತ್ತಿತ್ತು. ಮೇಲಿನ ದವಡೆ ಹಲ್ಲಿಗೆ ಮೂರು ಬೇರು. ಮೂಳೆ ಕರಗಿ ಬೇರುಗಳು ಕವಲೊಡೆಯುವ ಜಾಗ ತೆರೆದುಕೊಂಡರೆ ಅದರ ಬಾಯಿ ಎಷ್ಟೋ ಹಲ್ಲುಗಳಲ್ಲಿ ಮುಕ್ಕಾಲು ಮಿಲಿಮೀಟರಿಗಿಂತ ಕಿರಿದು. ನಮ್ಮ ಕ್ಯುರೆಟ್ಟಿನ ಅಲಗೇ ಮುಕ್ಕಾಲು ಮಿಲಿಮೀಟರಿನಿಂದ ಮೇಲೆ. ತೂರದ ಜಾಗವನ್ನು ಕೆರೆಯುವುದು ಹೇಗೆ? ಕವಲಿಲ್ಲದ ಹಲ್ಲಿನಲ್ಲೂ 5 ಮಿಲಿಮೀಟರ್ ದಾಟಿದ ಮೇಲೆ ಗಾರೆ ಪೂರ್ತಿ ಹೋಗುವುದಕ್ಕಿಂತ ಚೂರು ಉಳಿಯುವ ಸಂಭವವೇ ಹೆಚ್ಚು ಎಂದು 1970-80ರ ದಶಕಗಳಲ್ಲಿ ಕಿತ್ತ ಹಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಕಂಡುಕೊಂಡರು. ಹೀಗಾಗಿ ಆಳ 6 ಅಥವಾ ಹೆಚ್ಚು ಉಳಿದರೆ ವಸಡನ್ನು ಬಿಡಿಸಿ ಕಣ್ಣಾರೆ ನೋಡಿ ಶುದ್ಧ ಮಾಡುವ ಫ್ಲಾಪ್ ಶಸ್ತ್ರಚಿಕಿತ್ಸೆಯನ್ನು ಯೋಚಿಸುತ್ತೇವೆ. ಧೂಮಪಾನಿಗಳಲ್ಲಿ ಇಂಥ ಉಳಿಕೆ ಜಾಸ್ತಿ. ಅವರ ವಸಡು ರಕ್ತವನ್ನೂ ಕಡಿಮೆ ತೋರಿಸುವುದರಿಂದ ಮೋಸ ಹೋಗುವುದು ಸುಲಭ.

ಜೂನಿನಲ್ಲೇ ಶಸ್ತ್ರಚಿಕಿತ್ಸೆ ಹೇಳಲಿಲ್ಲ. ಮೇಷ್ಟ್ರು ಸಂದಿ ಬ್ರಷ್ ಹಾಕುವುದನ್ನು ನಿಲ್ಲಿಸಿದ್ದರು, ಕೆನ್ನೆಯ ಬದಿಗೆ ಪಾಚಿ ಕಟ್ಟಿತ್ತು. ಕೇಳಿದರೆ, ಹಾಕಿದಾಗ ರಕ್ತ ಬಂತು, ಗಾಯವಾಗುತ್ತಿದೆ ಅಂದುಕೊಂಡು ಬಿಟ್ಟೆ ಎಂದರು. ರಕ್ತ ಬರುವುದು ಅಲ್ಲಿ ಉರಿಯೂತ ಉಳಿದಿದೆ ಎಂಬುದಕ್ಕೆ. ದಿನಾ ಹಾಕುತ್ತಾ ಹೋದರೆ ಒಂದೆರಡು ವಾರದಲ್ಲಿ ಅದೇ ನಿಲ್ಲುತ್ತದೆ. ಅವರ ಮುಂದೆಯೇ ಅಳತೆ ನೋಡಿ ಎರಡು ಗಾತ್ರದ ಇಂಟರ್‌ಡೆಂಟಲ್ ಬ್ರಷ್ ಆರಿಸಿದೆ. ಮುಂದಿನ ಹಲ್ಲಿಗೆ ಸಣ್ಣದು, ದವಡೆ ಹಲ್ಲಿಗೆ ದೊಡ್ಡದು. ಸಂದಿಗೆ ತುಸು ಬಿಗಿಯಾಗಿ ಹೋಗಬೇಕು, ತಂತಿ ಹಲ್ಲಿಗೆ ತಾಗಬಾರದು. ಸಡಿಲವಾಗಿ ಓಡಾಡುವ ಬ್ರಷ್ ಏನನ್ನೂ ಉಜ್ಜುವುದಿಲ್ಲ. ರಾತ್ರಿ ಊಟದ ನಂತರ ಒಂದು ಸಲ, ಪೇಸ್ಟ್ ಬೇಡ. ಅವರ ಕೈಯಿಂದಲೇ ಎರಡು ಸಲ ಹಾಕಿಸಿ ನೋಡಿ ಕಳಿಸಿದೆ.

ಮೂರು ತಿಂಗಳಿಗೊಮ್ಮೆ ಬನ್ನಿ ಅಂದಾಗ ಅನೇಕರು ಇದನ್ನು ವೈದ್ಯರ ವ್ಯಾಪಾರ ಅಂದುಕೊಳ್ಳುತ್ತಾರೆ. ಕಾರಣ ಪಾಕೆಟ್ಟಿನೊಳಗಿದೆ. ಡೀಪ್ ಕ್ಲೀನಿಂಗ್ ಆದ ಪಾಕೆಟ್‌ಗಳನ್ನು ಮನೆಯ ಶುಚಿ ಸರಿಯಿಲ್ಲದವರಲ್ಲಿ ಹಿಂಬಾಲಿಸಿದ 1984ರ ಒಂದು ಅಧ್ಯಯನ, ಕೆಟ್ಟ ಬ್ಯಾಕ್ಟೀರಿಯಾ ನಾಲ್ಕರಿಂದ ಎಂಟು ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಮರಳುವುದನ್ನು ತೋರಿಸಿತು. ಮನೆಯಲ್ಲಿ ಚೆನ್ನಾಗಿ ಉಜ್ಜುವವರಲ್ಲಿ ಅದು ನಿಧಾನ. ಸ್ವೀಡನ್ನಿನಲ್ಲಿ ಆಕ್ಸೆಲ್ಸನ್ ಮತ್ತು ಲಿಂಡೆ ಚಿಕಿತ್ಸೆ ಮುಗಿದ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲ ಎರಡು ವರ್ಷ ಎರಡು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಕರೆಸಿ ಶುಚಿ ಮಾಡಿದರು. ಇನ್ನೊಂದು ಗುಂಪನ್ನು ಊರಿನ ವೈದ್ಯರ ಸಾಮಾನ್ಯ ಆರೈಕೆಗೆ ಬಿಟ್ಟರು. ಆರು ವರ್ಷದ ಕೊನೆಗೆ ಮೊದಲ ಗುಂಪಿನ ಹಿಡಿತ ಹಾಗೇ ಉಳಿದಿತ್ತು, ಎರಡನೆಯದರಲ್ಲಿ ರೋಗ ಮರುಕಳಿಸಿತ್ತು. ಎರಡೂ ಗುಂಪಿಗೆ ಸಿಕ್ಕ ಮೂಲ ಚಿಕಿತ್ಸೆ ಒಂದೇ. ಇದನ್ನು ಓದಿದಾಗಿನಿಂದ ಮೊದಲ ದಿನವೇ ಖರ್ಚಿನ ಲೆಕ್ಕದಲ್ಲಿ ಒಂದು ವರ್ಷದ ಮರುಭೇಟಿಗಳನ್ನು ಸೇರಿಸಿಯೇ ಹೇಳುತ್ತೇನೆ. ಕೈಗೆಟುಕದು ಅನ್ನುವವರಿಗೆ ಡೆಂಟಲ್ ಕಾಲೇಜಿನ ವಸಡು ವಿಭಾಗದ ದಾರಿ ತೋರಿಸುತ್ತೇನೆ, ಅಲ್ಲಿ ಇದೇ ಕೆಲಸ ಕಡಿಮೆ ಖರ್ಚಿನಲ್ಲಿ ಆಗುತ್ತದೆ. ಪ್ರತಿ ಭೇಟಿಯಲ್ಲೂ ಆಗಬೇಕಾದದ್ದು ಇಷ್ಟು: ಆಳ ಅಳೆಯುವುದು, ರಕ್ತ ಬರುವ ಜಾಗ ಗುರುತಿಸುವುದು, ಅಲ್ಲಿ ಮಾತ್ರ ಒಳಗಿಳಿದು ಶುದ್ಧ ಮಾಡುವುದು. 3 ಮಿಲಿಮೀಟರಿಗಿಂತ ಕಡಿಮೆ ಆಳದ ಆರೋಗ್ಯವಂತ ಜಾಗವನ್ನು ಸುಮ್ಮನೆ ಕೆರೆದರೆ ಇರುವ ಹಿಡಿತವೂ ಹೋಗುತ್ತದೆ. ಅಂಕಿ ಬರೆಯದೆ ಬರೀ ಮಿಷನ್ ಓಡಿಸಿ ಕಳಿಸಿದರೆ, ಹೋದ ಸಲದ ಅಳತೆ ಎಷ್ಟು, ಈ ಸಲದ್ದು ಎಷ್ಟು ಎಂದು ನೀವೇ ಕೇಳಿ.

ಸೆಪ್ಟೆಂಬರಿನಲ್ಲಿ ಮೇಷ್ಟ್ರು ಬಂದಾಗ ಜೇಬಿನಲ್ಲಿ ಒಂದು ಚೀಟಿಯಿತ್ತು, ಜೂನಿನ ಅಂಕಿಗಳನ್ನು ಬರೆದಿಟ್ಟುಕೊಂಡಿದ್ದರು. ಊಟ ಸಿಕ್ಕಿಕೊಳ್ಳುತ್ತಿದ್ದ ಹಲ್ಲಿನ ಹಿಂಬದಿ 4, ರಕ್ತ ಇಲ್ಲ. ಮೇಲಿನ ಎಡಗಡೆಯದು ಇನ್ನೂ 6, ರಕ್ತ ಇದೆ. ಪಾಚಿ ಈ ಸಲ ಎಲ್ಲೂ ಇರಲಿಲ್ಲ, ಹಾಗಾಗಿ ಫ್ಲಾಪ್ ಮಾಡಲು ಅರ್ಥವಿತ್ತು. ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು ಕವಲಿನ ಜಾಗ ತೋರಿಸಿದೆ, ಸಕ್ಕರೆ 8ರ ಕೆಳಗಿಳಿದ ಮೇಲೆ ತಾರೀಖು ಇಟ್ಟುಕೊಳ್ಳೋಣ ಎಂದೆ. ಅವರು ಚೀಟಿಯ ಹಿಂಬದಿಯಲ್ಲಿ ಹೊಸ ಅಂಕಿಗಳನ್ನು ಬರೆದುಕೊಂಡು, ಡಿಸೆಂಬರಿನ ಯಾವ ವಾರ ಎಂದು ಕೇಳಿದರು.